ಹೆಲಿಕಲ್ ಗೇರ್: ನಾರ್ಮಲ್ ಮಾಡ್ಯೂಲ್‌ನಿಂದ ಪಿಚ್ ವ್ಯಾಸದವರೆಗೆ ನಾನು ಲೆಕ್ಕ ಹಾಕಿದ ಬಗೆ

ಹಲ್ಲು ಮುರಿದ ಪಿನಿಯನ್ ಒಂದಕ್ಕೆ ಬದಲಿ ಮಾಡಬೇಕಿತ್ತು. ಡ್ರಾಯಿಂಗ್ ಇರಲಿಲ್ಲ. ಪಿನಿಯನ್ನಿಗೆ 23 ಹಲ್ಲು, ಅದರ ಜೋಡಿಯ ದೊಡ್ಡ ಗೇರಿಗೆ 67 ಹಲ್ಲು, ಎರಡರ ಮುಖದ ಅಗಲವೂ 30 ಮಿ.ಮೀ. ಮುರಿಯದೆ ಉಳಿದ ಹಲ್ಲುಗಳ ಮೇಲೆ ಅಳೆದಾಗ ಪಿನಿಯನ್ನಿನ ಹೊರ ವ್ಯಾಸ ಸುಮಾರು 77.5 ಬಂತು. ಸ್ಪರ್ ಗೇರಿನ ಅಭ್ಯಾಸದಲ್ಲಿ ಇದನ್ನು 25ರಿಂದ, ಅಂದರೆ ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಬಂದದ್ದರಿಂದ ಭಾಗಿಸಿದರೆ 3.10 ಸಿಗುತ್ತದೆ. ಹಾಗೊಂದು ಮಾಡ್ಯೂಲ್ ಪಟ್ಟಿಯಲ್ಲಿ ಇಲ್ಲ. 8 ಡಿಪಿ ಇರಬಹುದೇ ಎಂದರೆ ಅದು 3.175, ಅದಕ್ಕೂ ಹೊಂದುವುದಿಲ್ಲ. ಹೆಲಿಕಲ್ ಗೇರಿಗೆ ಸ್ಪರ್ ಸೂತ್ರ ಹಾಕಿದಾಗ ಬರುವ ಉತ್ತರ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ: ಯಾವ ಪಟ್ಟಿಗೂ ಸೇರದ ಮಾಡ್ಯೂಲ್.

ಕಾರಣ ಸರಳ. ಚೌಕ ಮರದ ತೊಲೆಯನ್ನು ನೇರವಾಗಿ ಕೊಯ್ದರೆ ಕೊಯ್ದ ಮುಖ ತೊಲೆಯಷ್ಟೇ ಅಗಲ ಇರುತ್ತದೆ, ಓರೆಯಾಗಿ ಕೊಯ್ದರೆ ಅಗಲವಾಗುತ್ತದೆ. ಹೆಲಿಕಲ್ ಗೇರಿನ ಹಲ್ಲು ಶಾಫ್ಟಿಗೆ ಓರೆಯಾಗಿ ಮಲಗಿರುವುದರಿಂದ ಗೇರಿನ ಪಕ್ಕದ ಮುಖದಲ್ಲಿ ನಮಗೆ ಕಾಣುವುದು ಓರೆ ಕೊಯ್ಲು. ಅಲ್ಲಿನ ಮಾಡ್ಯೂಲೇ ಟ್ರಾನ್ಸ್‌ವರ್ಸ್ ಮಾಡ್ಯೂಲ್. ಹಲ್ಲಿನ ಓಟಕ್ಕೆ ಅಡ್ಡವಾಗಿ, ಲಂಬವಾಗಿ ನೋಡಿದಾಗ ಸಿಗುವುದು ನಾರ್ಮಲ್ ಮಾಡ್ಯೂಲ್. ಹಾಬ್ ಹಲ್ಲಿನ ಓಟವನ್ನೇ ಹಿಡಿದು ಕೊರೆಯುತ್ತದೆ, ಹಾಗಾಗಿ ಹಾಬಿನ ಮೇಲೆ ಕೆತ್ತಿರುವುದು ನಾರ್ಮಲ್ ಮಾಡ್ಯೂಲ್. ಆದರೆ ಗೇರಿನ ಸುತ್ತಳತೆಯಲ್ಲಿ ಹಲ್ಲುಗಳು ಸಾಲಾಗಿ ಕೂರುವುದು ಟ್ರಾನ್ಸ್‌ವರ್ಸ್ ಲೆಕ್ಕದಲ್ಲಿ. ಪಿಚ್ ವ್ಯಾಸಕ್ಕೆ ಅದೇ ಬೇಕು.

```
mt = mn / cos β
d  = z × mt
da = d + 2 × mn
```

ಇಲ್ಲಿ mn ನಾರ್ಮಲ್ ಮಾಡ್ಯೂಲ್, mt ಟ್ರಾನ್ಸ್‌ವರ್ಸ್ ಮಾಡ್ಯೂಲ್, β ಹಲ್ಲಿನ ಓರೆ ಅಂದರೆ ಹೆಲಿಕ್ಸ್ ಕೋನ, z ಹಲ್ಲಿನ ಸಂಖ್ಯೆ, d ಪಿಚ್ ವ್ಯಾಸ, da ಹೊರ ವ್ಯಾಸ. ಮೂರನೆಯ ಸಾಲನ್ನು ಗಮನಿಸಿ. ಹಲ್ಲಿನ ಎತ್ತರವನ್ನು ಓರೆತನ ಬದಲಿಸುವುದಿಲ್ಲ, ಆದ್ದರಿಂದ ಹೊರ ವ್ಯಾಸಕ್ಕೆ ಕೂಡಿಸಬೇಕಾದದ್ದು ನಾರ್ಮಲ್ ಮಾಡ್ಯೂಲಿನ ಎರಡರಷ್ಟು. ಇಲ್ಲಿ mt ಹಾಕುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು.

ಸೂತ್ರ ಹಾಕುವ ಮೊದಲು mn ಮತ್ತು β ಎರಡೂ ಗೊತ್ತಿರಬೇಕು. ಹಳೆಯ ಗೇರಿನಲ್ಲಿ ಎರಡೂ ಗೊತ್ತಿರುವುದಿಲ್ಲ. ಬಹಳ ಜನ ಮೊದಲು ಕೋನ ಅಳೆಯಲು ಹೋಗುತ್ತಾರೆ. ನಾನು ಕೋನವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ತೆಗೆಯುವ ಅಳತೆಗಳಲ್ಲಿ ಅತ್ಯಂತ ಒರಟಾಗಿ ಸಿಗುವುದು ಅದೇ.

ನಾರ್ಮಲ್ ಮಾಡ್ಯೂಲಿಗೆ ಡಿಸ್ಕ್ ಮೈಕ್ರೋಮೀಟರ್ ಬಳಸಿದೆ. ದೊಡ್ಡ ಗೇರಿನಲ್ಲಿ ಸವೆಯದ ಜಾಗ ಹುಡುಕಿ, ಒಮ್ಮೆ 7 ಹಲ್ಲುಗಳನ್ನು, ಒಮ್ಮೆ 8 ಹಲ್ಲುಗಳನ್ನು ಹಿಡಿದು ಅಳೆದೆ. ಡಿಸ್ಕ್‌ಗಳು ಹಲ್ಲಿನ ಓಟಕ್ಕೆ ಲಂಬವಾಗಿ ಕೂರಬೇಕು, ಮೈಕ್ರೋಮೀಟರನ್ನು ಸ್ವಲ್ಪ ಆಚೀಚೆ ಓಲಾಡಿಸಿ ಅತಿ ಕಡಿಮೆ ಓದು ಎಲ್ಲಿ ಬರುತ್ತದೋ ಅದನ್ನೇ ತೆಗೆದುಕೊಳ್ಳಬೇಕು. 7 ಹಲ್ಲಿಗೆ 60.60, 8 ಹಲ್ಲಿಗೆ 69.46 ಬಂತು. ಎರಡೂ 50ರಿಂದ 75ರ ಮೈಕ್ರೋಮೀಟರಿನಲ್ಲೇ ಸಿಗಲಿ ಎಂದು ಆ ಸಂಖ್ಯೆಗಳನ್ನು ಆರಿಸಿದ್ದು, ಇಲ್ಲದಿದ್ದರೆ ಎರಡು ಉಪಕರಣಗಳ ಸೊನ್ನೆ ದೋಷವೂ ವ್ಯತ್ಯಾಸದಲ್ಲಿ ಸೇರಿಕೊಳ್ಳುತ್ತದೆ. ವ್ಯತ್ಯಾಸ 8.86. ಇದು ಒಂದು ಹಲ್ಲಿನ ನಾರ್ಮಲ್ ಬೇಸ್ ಪಿಚ್, ಅಂದರೆ π × mn × cos αn. 20 ಡಿಗ್ರಿ ಪ್ರೆಷರ್ ಕೋನಕ್ಕೆ ಮಾಡ್ಯೂಲ್ 3ರ ಬೆಲೆ 8.856, ಮಾಡ್ಯೂಲ್ 2.75ರದ್ದು 8.118, 8 ಡಿಪಿಯದ್ದು 9.373. ಅನುಮಾನಕ್ಕೆ ಜಾಗವೇ ಇಲ್ಲ, mn = 3.

ಈ ಅಳತೆಯ ಗುಣ ಏನೆಂದರೆ ಇದರೊಳಗೆ ಹೆಲಿಕ್ಸ್ ಕೋನ ಬರುವುದಿಲ್ಲ. ಹಲ್ಲು ಎಲ್ಲ ಕಡೆ ಒಂದೇ ಸಮ ಸವೆದಿದ್ದರೂ, ಬ್ಯಾಕ್‌ಲ್ಯಾಶ್‌ಗೆಂದು ಹಲ್ಲನ್ನು ತೆಳುವಾಗಿ ಕೊರೆದಿದ್ದರೂ ಎರಡು ಓದುಗಳ ವ್ಯತ್ಯಾಸ ಬದಲಾಗುವುದಿಲ್ಲ. ಒಂದು ಮಿತಿ ಇದೆ: ಹಲ್ಲು ಓರೆಯಾಗಿರುವುದರಿಂದ ಮೈಕ್ರೋಮೀಟರಿನ ಎರಡು ತುದಿಗಳು ಗೇರಿನ ಅಗಲದಲ್ಲಿ ಬೇರೆ ಬೇರೆ ಕಡೆ ತಾಗುತ್ತವೆ. 69.46ರ ಅಳತೆಗೆ ಈ ಗೇರಿನಲ್ಲಿ ಸುಮಾರು 17.5 ಮಿ.ಮೀ. ಅಗಲ ಬೇಕು. 30 ಇದ್ದುದರಿಂದ ಸರಿಹೋಯಿತು. ತೆಳುವಾದ ಗೇರಿನಲ್ಲಿ ಒಂದು ಡಿಸ್ಕ್ ಅಂಚಿನಿಂದ ಜಾರುತ್ತದೆ, ಆಗ ಹಲ್ಲುಗಳ ಸಂಖ್ಯೆ ಕಡಿಮೆ ಮಾಡಬೇಕು.

ಇನ್ನು ಟ್ರಾನ್ಸ್‌ವರ್ಸ್ ಮಾಡ್ಯೂಲ್. ಇದನ್ನು ಕೋನದಿಂದ ತರುವ ಬದಲು ಗೇರ್‌ಬಾಕ್ಸಿನ ಬೋರುಗಳಿಂದಲೇ ತಂದೆ. ಎರಡು ಬೋರಿಗೂ ಬಿಗಿಯಾಗಿ ಕೂರುವ ಗ್ರೈಂಡ್ ಮಾಡಿದ ಮ್ಯಾಂಡ್ರೆಲ್ ಹಾಕಿ, ಹೊರಗಿನಿಂದ ಹೊರಕ್ಕೆ ಅಳೆದು, ಎರಡರ ಅರ್ಧ ವ್ಯಾಸಗಳನ್ನು ಕಳೆದೆ. ಮ್ಯಾಂಡ್ರೆಲ್‌ಗಳು 30 ಮತ್ತು 50, ಓದು 180.02, ಹಾಗಾದರೆ ಕೇಂದ್ರಗಳ ನಡುವಿನ ದೂರ 140.02. ವಿನ್ಯಾಸದಲ್ಲಿ 140 ಎಂದೇ ಇರಬೇಕು ಎಂದು ಹಿಡಿದೆ. ಎರಡು ಪಿಚ್ ವ್ಯಾಸಗಳ ಮೊತ್ತ ಇದರ ಎರಡರಷ್ಟು, 280. ಒಟ್ಟು ಹಲ್ಲು 90.

```
mt    = 280 / 90   = 3.1111
cos β = 3 / 3.1111 = 0.964286
β     = 15.359°    = 15° 21′ 32″
d1    = 23 × 3 / 0.964286 = 71.556
d2    = 67 × 3 / 0.964286 = 208.444
```

ಎರಡನ್ನೂ ಕೂಡಿದರೆ 280 ಬರಬೇಕು, ಬಂತು. ಪಿನಿಯನ್ನಿನ ಹೊರ ವ್ಯಾಸ 71.556 + 6 = 77.556, ಗೇರಿನದ್ದು 214.444. ಕೋನ 15 ಅಲ್ಲದೆ 15 ಡಿಗ್ರಿ 21 ನಿಮಿಷ ಬಂದದ್ದಕ್ಕೆ ಗಾಬರಿ ಬೇಡ. ಕೇಂದ್ರ ದೂರ ದುಂಡು ಸಂಖ್ಯೆ ಇರಲಿ ಎಂದು ವಿನ್ಯಾಸಕಾರರು ಕೋನವನ್ನೇ ಹೊಂದಿಸುವುದು ರೂಢಿ.

ಆದರೂ ಇಲ್ಲಿಗೆ ನಿಲ್ಲಿಸಬಾರದು. ಹಲ್ಲಿಗೆ ಪ್ರೊಫೈಲ್ ಶಿಫ್ಟ್ ಕೊಟ್ಟಿದ್ದರೆ ಮೇಲಿನ ಲೆಕ್ಕ ಕೆಡುತ್ತದೆ. ಕೋನ ಸರಿಯಾಗಿ 15 ಇಟ್ಟರೆ ಕೇಂದ್ರ ದೂರ 139.76 ಆಗುತ್ತದೆ, ಉಳಿದ 0.24ನ್ನು ಶಿಫ್ಟ್‌ನಿಂದ ತುಂಬಿ 140 ಮಾಡಿರಲೂ ಸಾಧ್ಯ. ಆಗಲೂ ಎರಡು ಹೊರ ವ್ಯಾಸಗಳ ಮೊತ್ತ ಸುಮಾರು 292ಕ್ಕೇ ಬರುತ್ತದೆ, ಹಾಗಾಗಿ ಮೊತ್ತ ನೋಡಿ ಏನೂ ತಿಳಿಯುವುದಿಲ್ಲ. ಒಂದೊಂದನ್ನೂ ಬೇರೆಯಾಗಿ ನೋಡಬೇಕು. ಶಿಫ್ಟ್ ಪೂರ್ತಿ ಪಿನಿಯನ್ನಿಗೆ ಹೋಗಿದ್ದರೆ ಅದರ ಹೊರ ವ್ಯಾಸ 77.9ರ ಹತ್ತಿರ, ಗೇರಿನದ್ದು 214.09 ಇರುತ್ತಿತ್ತು. ನನಗೆ ವರ್ನಿಯರಿನಲ್ಲಿ ಗೇರು 214.38 ಓದಿತು. 67 ಬೆಸ ಸಂಖ್ಯೆ, ಒಂದು ಹಲ್ಲಿನ ನೇರ ಎದುರಿಗೆ ಇನ್ನೊಂದು ಹಲ್ಲಿಲ್ಲ, ಹಾಗಾಗಿ ಓದು ಸುಮಾರು 0.06 ಕಡಿಮೆ ಬರುತ್ತದೆ. ಸೇರಿಸಿದರೆ 214.44, ಲೆಕ್ಕಕ್ಕೆ ಕೂಡಿತು. 23 ಹಲ್ಲಿನ ಪಿನಿಯನ್ನಿನಲ್ಲಿ ಇದೇ ಕೊರತೆ 0.18ರವರೆಗೆ ಹೋಗುತ್ತದೆ, ಅದಕ್ಕೇ ಅದನ್ನು ವರ್ನಿಯರಿನಲ್ಲಿ ಅಡ್ಡ ಹಿಡಿದು ಅಳೆಯದೆ, ಬೋರಿನ ಒಳಮೈಯಿಂದ ಹಲ್ಲಿನ ತುದಿಯವರೆಗೆ ಅಳೆದು ಬೋರಿನ ಅರ್ಧ ವ್ಯಾಸ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿದೆ.

ಕೊನೆಗೆ ಕೋನ. ಗೇರಿನ ಹಲ್ಲಿನ ತುದಿಗಳಿಗೆ ನೀಲಿ ಹಚ್ಚಿ, ಒಂದು ಅಂಚುಪಟ್ಟಿಗೆ ತಾಗಿಸಿಕೊಂಡು ಬಿಳಿ ಕಾಗದದ ಮೇಲೆ ನೇರ ಉರುಳಿಸಿದೆ. ಸಾಲು ಸಾಲು ಓರೆ ಗೆರೆಗಳು ಮೂಡುತ್ತವೆ. ಪ್ರೊಟ್ರ್ಯಾಕ್ಟರ್ ಇಟ್ಟಾಗ 15¾ ಡಿಗ್ರಿ ಕಂಡಿತು. ಇದು ಪಿಚ್ ವ್ಯಾಸದ ಮೇಲಿನ ಕೋನವಲ್ಲ, ತುದಿಯ ಕೋನ. ಒಂದೇ ಲೀಡ್‌ನ ಸುರುಳಿ ದೊಡ್ಡ ವ್ಯಾಸದಲ್ಲಿ ಹೆಚ್ಚು ಓರೆಯಾಗಿರುತ್ತದೆ. ತಿದ್ದುವುದು ಹೀಗೆ:

```
tan β = tan βa × d / da
      = tan 15.75° × 208.44 / 214.44
β     ≈ 15.33°
```

15.36ಕ್ಕೆ ಸಾಕಷ್ಟು ಹತ್ತಿರ. ಇದೇ ಅಚ್ಚನ್ನು ಪಿನಿಯನ್ನಿನಿಂದ ತೆಗೆದರೆ 16.58 ಡಿಗ್ರಿ ಕಾಣುತ್ತದೆ. ತಿದ್ದದೆ ಅದನ್ನೇ ಸೂತ್ರಕ್ಕೆ ಹಾಕಿದರೆ ಪಿಚ್ ವ್ಯಾಸ 71.99 ಬರುತ್ತದೆ, 0.44 ಹೆಚ್ಚು. ಅಚ್ಚನ್ನು ಯಾವಾಗಲೂ ಜೋಡಿಯ ದೊಡ್ಡ ಗೇರಿನಿಂದ ತೆಗೆಯಿರಿ, ಅದರಲ್ಲಿ ತುದಿಗೂ ಪಿಚ್ ವ್ಯಾಸಕ್ಕೂ ಅಂತರ ಪ್ರಮಾಣದಲ್ಲಿ ಚಿಕ್ಕದು.

ಕ್ಯಾಲ್ಕುಲೇಟರಿನ ಮೇಲೆ ಆಗುವ ಎಡವಟ್ಟುಗಳೂ ಇವೆ. cosನಿಂದ ಭಾಗಿಸುವ ಬದಲು ಗುಣಿಸಿದರೆ mt 2.89 ಬರುತ್ತದೆ, mt ಎಂದಿಗೂ mnಗಿಂತ ಕಡಿಮೆಯಾಗದು, ಅಲ್ಲೇ ಹಿಡಿಯಬಹುದು. ರೇಡಿಯನ್ ಮೋಡಿನಲ್ಲಿ ಬಿಟ್ಟಿದ್ದರೆ ಈ ಕೋನಕ್ಕೆ ಉತ್ತರವೇ ಋಣ ಸಂಖ್ಯೆಯಾಗಿ ಬರುತ್ತದೆ. ಕಣ್ಣಿಗೆ ಬೀಳದೆ ಹೋಗುವುದು ನಿಮಿಷದ ತಪ್ಪು: 15 ಡಿಗ್ರಿ 21 ನಿಮಿಷವನ್ನು 15.21 ಎಂದು ಒತ್ತುವುದು. ಕೇಂದ್ರ ದೂರ 139.90 ಎಂದು ಬರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಅದೇ ಕೋನವನ್ನು ಮೆಷಿನ್ನಿಗೂ ಕೊಟ್ಟರೆ 30 ಮಿ.ಮೀ. ಅಗಲದಲ್ಲಿ ಹಲ್ಲು ಸುಮಾರು 0.08 ಓಡಿಹೋಗಿ, ಹೊರೆಯೆಲ್ಲ ಹಲ್ಲಿನ ಒಂದೇ ಕೊನೆಯ ಮೇಲೆ ಬೀಳುತ್ತದೆ. cosನ ಅಂಕಿಗಳನ್ನೂ ಮೊಟಕು ಮಾಡಬೇಡಿ. 0.96 ಎಂದು ಹಿಡಿದರೆ ದೊಡ್ಡ ಗೇರಿನ ಪಿಚ್ ವ್ಯಾಸ 209.375 ಆಗಿಬಿಡುತ್ತದೆ, ನಾಲ್ಕು ಅಂಕಿ ಇಟ್ಟರೆ ತಪ್ಪು 0.003ರಷ್ಟೇ.

ಬ್ಲ್ಯಾಂಕನ್ನು 77.55ಕ್ಕೆ ತಿರುಗಿಸಿ, ಮಾಡ್ಯೂಲ್ 3ರ ಹಾಬಿನಲ್ಲಿ, ಗೇರಿನ ಓರೆಗೆ ವಿರುದ್ಧ ದಿಕ್ಕಿನ ಓರೆಯಲ್ಲಿ ಕೊರೆಸಬೇಕು. ಆಳ 2.25 × 3 = 6.75. ಇಲ್ಲಿಯೂ mt ನುಗ್ಗಿದರೆ ಆಳ 7.00 ಆಗಿ ಹಲ್ಲು ತೆಳುವಾಗುತ್ತದೆ. ಪೂರ್ತಿ ಆಳಕ್ಕೆ ಇಳಿಯುವ ಮೊದಲು ನಾನು ಹಾಬನ್ನು ಮೈಗೆ ಗೀರು ಬೀಳುವಷ್ಟೇ ತಾಗಿಸಿ, 23 ಗೀರು ಎಣಿಸಿ, ಓರೆಯ ದಿಕ್ಕನ್ನು ಹಳೆಯ ಪಿನಿಯನ್ ಪಕ್ಕಕ್ಕಿಟ್ಟು ನೋಡುತ್ತೇನೆ. ಆಮೇಲೆ ಕೊನೆಯ ಕಟ್‌ಗೆ ಮೂರು ಹಲ್ಲಿನ ಮೇಲೆ ಡಿಸ್ಕ್ ಮೈಕ್ರೋಮೀಟರ್ ಹಿಡಿಯುತ್ತೇನೆ: ಬ್ಯಾಕ್‌ಲ್ಯಾಶ್ ಇಲ್ಲದ ಲೆಕ್ಕದ ಅಳತೆ 23.21, ಅದರಿಂದ ಬೇಕಾದಷ್ಟು ಕಳೆದು ನಿಲ್ಲಿಸುತ್ತೇನೆ.