121 ಕಿ.ಮೀ. ಅಂತ ಬರೆದು ಪೇಚಿಗೆ ಸಿಕ್ಕ ಮೇಲೆ

ಪುಣೆಯ ಸಾತಾರಾ ರಸ್ತೆಯಲ್ಲಿರುವ ಇಲೆಕ್ಟ್ರಿಕ್ ಸ್ಕೂಟರ್ ಶೋರೂಮಿನಲ್ಲಿ ಪೋಸ್ಟರ್, ಸ್ಟೇಟಸ್ ಬರೆಯುವ ಕೆಲಸ ನನ್ನದು. ಇಲ್ಲಿ ಕನ್ನಡದ ಗಿರಾಕಿಗಳೂ ಇದ್ದಾರೆ ಅಂತ ಕನ್ನಡದಲ್ಲೂ ಬರೆಯುತ್ತೇನೆ. ಕಳೆದ ವರ್ಷ ಹೀಗೆ ಬರೆದಿದ್ದೆ: "ಒಂದು ಚಾರ್ಜಿಗೆ 121 ಕಿ.ಮೀ.! ಎರಡೂವರೆ ಗಂಟೆಯಲ್ಲಿ ಚಾರ್ಜ್!"

ತಿಂಗಳ ನಂತರ ವಿಜಯಪುರ ಕಡೆಯ ಕಾಕಾ ಒಬ್ಬರು ಬಂದರು. ಕಾತ್ರಜ್‌ನಿಂದ ಹಿಂಜವಡಿಗೆ, ಹಿಂದೆ ಮಗನನ್ನು ಕೂರಿಸಿಕೊಂಡು ದಿನಾ ಓಡಾಟ. "ತಮ್ಮಾ, ನೀ 121 ಅಂತ ಬರದಿ, ನನಗ 80ರ ಮ್ಯಾಲ ಯಾವತ್ತೂ ಸಿಕ್ಕಿಲ್ಲ. ಗಾಡ್ಯಾಗ ದೋಷ ಐತೋ, ನಿನ್ನ ಮಾತಿನ್ಯಾಗ ಐತೋ?"

ಗಾಡಿ ಸರಿಯಿತ್ತು. 121 ಎಂಬುದು ಪ್ರಮಾಣಪತ್ರದಲ್ಲಿದ್ದ ಐಡಿಸಿ, ಅಂದರೆ ಇಂಡಿಯನ್ ಡ್ರೈವಿಂಗ್ ಸೈಕಲ್ ಎಂಬ ಪರೀಕ್ಷೆಯ ಅಂಕಿ. ಅದನ್ನು ಅಳೆಯುವುದು ರಸ್ತೆಯಲ್ಲಲ್ಲ, ಪ್ರಯೋಗಾಲಯದಲ್ಲಿ, ರೋಲರ್ ಮೇಲೆ. ಆ ಪರೀಕ್ಷೆಯಲ್ಲಿ ಗಾಡಿಯ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22. ಕಾಕಾ ಹೋಗುವುದು ಬೈಪಾಸಿನಲ್ಲಿ, 60ರ ವೇಗದಲ್ಲಿ, ಇಬ್ಬರು. ವೇಗ ಏರಿದಂತೆ ಗಾಳಿಯ ತಡೆ ವೇಗಕ್ಕಿಂತ ಜೋರಾಗಿ ಏರುತ್ತದೆ. ಬ್ಯಾಟರಿ ಬೇಗ ಇಳಿಯುವುದಕ್ಕೆ ಅದೇ ಮುಖ್ಯ ಕಾರಣ.

ಮರುವಾರ ನಾನೂ ನಮ್ಮ ಮೆಕ್ಯಾನಿಕ್ಕೂ ಅದೇ ದಾರಿಯಲ್ಲಿ ಹೊರಟೆವು. ಮಾದರಿ ಅದೇ, 3 ಕಿಲೋವ್ಯಾಟ್ ಅವರ್ ಬ್ಯಾಟರಿಯದು. ಟೈರಿನ ಗಾಳಿ ಸರಿ ಮಾಡಿಕೊಂಡೆವು, ನಮ್ಮಿಬ್ಬರ ತೂಕ 138 ಕಿಲೋ. 100ರಿಂದ 20 ಪ್ರತಿಶತಕ್ಕೆ ಇಳಿಯುವಷ್ಟರಲ್ಲಿ 66 ಕಿ.ಮೀ. ಆಯಿತು. ಪೂರ್ತಿ ಇಳಿಸಿದರೆ 82 ಆದೀತು ಎಂದು ಲೆಕ್ಕ ಹೇಳುತ್ತದೆ. ಆದರೆ ಓಡಿಸದ ದೂರವನ್ನು ನಾನು ಬರೆಯಲಿಲ್ಲ. ಕೊನೆಗೆ ಗಾಡಿ ತಾನೇ ವೇಗ ತಗ್ಗಿಸುತ್ತದೆ, ಆ ಗಳಿಗೆಯಲ್ಲಿ ಯಾರೂ ಬೈಪಾಸಿನಲ್ಲಿ ಇರಬಾರದು.

ಚಾರ್ಜಿನ ಮಾತಂತೂ ಇನ್ನೂ ಕೆಟ್ಟದ್ದಾಗಿತ್ತು. ಎರಡೂವರೆ ಗಂಟೆ ಎಂಬುದು 20ರಿಂದ 80ಕ್ಕೆ, ಪೂರ್ತಿಗಲ್ಲ. 80 ದಾಟಿದ ಮೇಲೆ ಬ್ಯಾಟರಿ ಕರೆಂಟನ್ನು ನಿಧಾನಕ್ಕೆ ಎಳೆಯುತ್ತದೆ. ಉಳಿದ 20ಕ್ಕೆ ನಮಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಅದಕ್ಕೂ ಮೊದಲು, ಓಡಿಸಿ ಬಂದ ಬಿಸಿ ಬ್ಯಾಟರಿ ತಣಿಯಲೆಂದು 25 ನಿಮಿಷ ಪ್ಲಗ್ಗೇ ಹಾಕಿರಲಿಲ್ಲ.

ಹೊಸ ಬರಹ ಹೀಗಿದೆ:

"ಐಡಿಸಿ ಪ್ರಯೋಗಾಲಯ ಪರೀಕ್ಷೆಯಲ್ಲಿ 121 ಕಿ.ಮೀ. ಕಾತ್ರಜ್–ಹಿಂಜವಡಿ ದಾರಿಯಲ್ಲಿ, ಇಬ್ಬರು ಕೂತು, 55–60ರ ವೇಗದಲ್ಲಿ ನಾವು ಓಡಿಸಿದಾಗ 100ರಿಂದ 20 ಪ್ರತಿಶತಕ್ಕೆ 66 ಕಿ.ಮೀ. ಜೊತೆಗೆ ಬರುವ 750 ವ್ಯಾಟ್ ಚಾರ್ಜರಿನಲ್ಲಿ, ಬ್ಯಾಟರಿ ತಣಿದ ಮೇಲೆ, 20ರಿಂದ 80ಕ್ಕೆ ಎರಡೂವರೆ ಗಂಟೆ, 100ಕ್ಕೆ ಸುಮಾರು ನಾಲ್ಕು. ಹವೆ, ತೂಕ, ವೇಗ ಬದಲಾದರೆ ಅಂಕಿಯೂ ಬದಲಾಗುತ್ತದೆ."

ಷರತ್ತನ್ನು ಅಂಕಿಯ ಹಿಂದೆಯೇ ಇಟ್ಟೆ, ಅಕ್ಷರದ ಗಾತ್ರವೂ ಒಂದೇ. ಮೊಬೈಲಿನಲ್ಲಿ ಮೊದಲ ಎರಡು ಸಾಲು ಮಾತ್ರ ಕಾಣುತ್ತವೆ. ಷರತ್ತು ಕೆಳಗೆ ಚುಕ್ಕೆ ಗುರುತಿನಲ್ಲಿದ್ದರೆ ಅದನ್ನು ಯಾರೂ ಓದುವುದಿಲ್ಲ.

ಮಾಲೀಕರು "66 ಅಂತ ಬರದ್ರ ಗಿರಾಕಿ ಓಡಿ ಹೋಗ್ತಾರ" ಎಂದು ಎರಡು ದಿನ ಒಪ್ಪಲಿಲ್ಲ. ಕಾಕಾ ಅವರ ಮುಂದೆಯೇ ಓದಿ ತೋರಿಸಿದೆ. "ಇದನ್ನ ಮೊದಲ ಬರದಿದ್ರೂ ನಾ ಗಾಡಿ ತಗೋತಿದ್ನಿ. ದಿನಾ ರಾತ್ರಿ ಪ್ಲಗ್ ಹಾಕ್ಬೇಕಂತ ತಿಳೀತಿತ್ತು, ಅಷ್ಟ," ಅಂದರು.