ನೈಟ್‌ವಾಚ್‌ಮನ್ ಆಗಿ ಆಡಿದ ಅನುಭವ

ಟೆಸ್ಟ್ ಮ್ಯಾಚಿನ್ಯಾಗ ಸಂಜಿಮುಂದ ವಿಕೆಟ್ ಬೀಳ್ತದ, ನಂಬರ್ 4 ಬ್ಯಾಟ್ಸ್‌ಮನ್ ಬರ್ತಾನಂತ ನಾವು ಕಾಯ್ಕೊಂಡು ಕುಂತಿರ್ತೀವಿ, ನೋಡಿದ್ರ ಯಾವನೋ ಬೌಲರ್ ಹೆಲ್ಮೆಟ್ ಹಾಕ್ಕೊಂಡು ಇಳೀತಾನ. ಕಾಮೆಂಟರಿಯವರು ನೈಟ್‌ವಾಚ್‌ಮನ್ ಅನ್ನೋದು ಅವನಿಗೇ. ದಿನದ ಆಟ ಮುಗಿಯೋತನಕ ಔಟಾಗದೆ ನಿಂದ್ರಬೇಕು, ಅಷ್ಟೇ ಅವನ ಕೆಲಸ. ನಮ್ಮ ಕಲಬುರಗಿ ಕಡೆ ಟೆನ್ನಿಸ್ ಬಾಲ್ ಮ್ಯಾಚೇ ಜಾಸ್ತಿ, ಅದ್ರಾಗ ಇದರ ಪ್ರಶ್ನೆನೇ ಬರಂಗಿಲ್ಲ, ಎರಡು ದಿನದ ಲೆದರ್ ಬಾಲ್ ಮ್ಯಾಚ್ ಆಡಿದವರಿಗಷ್ಟೇ ಗೊತ್ತು. ನಾ ಬೌಲರ್, ಒಂಬತ್ತನೇ ನಂಬರಿಗೆ ಇಳಿಯಾಂವ, ಆದ್ರ ಸಂಜಿ ಹೊತ್ತು ಕ್ಯಾಪ್ಟನ್ ನನ್ನೇ ಕಳಸ್ತಿದ್ದ. ನನಗ ದೊಡ್ಡ ಶಾಟ್ ಹೊಡಿಯಾಕ ಬರ್ತಿದ್ದಿಲ್ಲ, ಬ್ಯಾಟ್ ಮಾತ್ರ ನೆಟ್ಟಗ ಬರ್ತಿತ್ತು. ಹನ್ನೊಂದನೇ ನಂಬರಿನವನ್ನ ಕಳಿಸಿದ್ರ ಅವ ಔಟಾಗಿ, ಕಡಿಗೆ ಚಲೋ ಬ್ಯಾಟ್ಸ್‌ಮನ್ನೇ ಅದೇ ಸಂಜಿ ಇಳೀಬೇಕಾಗ್ತದ.

ಯಾಕ ಕಳಸ್ತಾರ ಅನ್ನೋದು ಸುಲಭ ಅದ. ಎಂಥಾ ಬ್ಯಾಟ್ಸ್‌ಮನ್ ಆದ್ರೂ ಮೊದಲಿನ ಹತ್ತಿಪ್ಪತ್ತು ಬಾಲಿನ್ಯಾಗ ಔಟಾಗೋ ಚಾನ್ಸ್ ಜಾಸ್ತಿ, ಕಣ್ಣು ಕೂಡಬೇಕಲ್ಲ. ಸಂಜಿ ಇಳಿದು ಎಂಟು ಬಾಲ್ ಆಡಿ ನಾಟೌಟ್ ಉಳಿದ್ರೂ ಮುಂಜಾನಿ ಮತ್ತ ಮೊದಲಿಂದ ಶುರು ಮಾಡಬೇಕು, ಅಂದ್ರ ಆ ಕಷ್ಟದ ಹೊತ್ತು ಅವ ಎರಡು ಸಲ ದಾಟಬೇಕು, ರನ್ ನೋಡಿದ್ರ ಎರಡೋ ಮೂರೋ. ಮ್ಯಾಲ ನಮ್ಮ ಬಿಸಿಲಾಗ ದಿನಾ ಪೂರ್ತಿ ಫೀಲ್ಡಿಂಗ್ ಮಾಡಿ ಬಂದಿರ್ತಾನ, ಬಾಲ್ ಹೊಸದು, ಬೆಳಕು ಕಡಿಮಿ, ಆ ಕಡಿ ಬೌಲರಿಗೆ ಗೊತ್ತಿರ್ತದ ಇನ್ನ ಎರಡೇ ಓವರ್ ಹಾಕಿ ರೂಮಿಗೆ ಹೋಗೂದು ಅಂತ, ಇದ್ದ ಜೋರೆಲ್ಲ ಹಾಕ್ತಾನ.

ಒಂದು ಮ್ಯಾಚಿನ್ಯಾಗ ಎದುರಿನವರು ಸಂಜಿ ನಾಲ್ಕರ ತನಕ ಆಡಿ ಆಲೌಟ್ ಆದ್ರು. ನಮ್ಮ ಎರಡನೇ ವಿಕೆಟ್ ಬಿದ್ದಾಗ ಇನ್ನ ಐದು ಓವರ್ ಇದ್ವು. ನಾ ಬೂಟಿನ ಲೇಸ್ ಬಿಚ್ಚಿ ಕುಂತಿದ್ದೆ, ಕ್ಯಾಪ್ಟನ್ ಬಂದು "ಲಗೂನ ಪ್ಯಾಡ್ ಕಟ್ಕೋಪಾ, ನೀ ಹೋಗು, ಓಡೂದ್ ಮಾತ್ರ ಮಾಡಬ್ಯಾಡ" ಅಂದ. ಆ ಕಡೆ ನಮ್ಮ ಓಪನರ್ ಸೆಟ್ ಆಗಿ ನಿಂತಿದ್ದ. ಮ್ಯಾಟಿಂಗ್ ಮ್ಯಾಲ ಬಾಲ್ ಎದಿ ತನಕ ಏಳ್ತದ, ಅದಕ್ಕ ನಾ ಆಫ್ ಸ್ಟಂಪ್ ಮ್ಯಾಲ ಗಾರ್ಡ್ ತಗೊಂಡೆ, ಕಣ್ಣಿನ ಹೊರಗ ಹೋಗೂದೆಲ್ಲ ಬಿಟ್ಟುಬಿಡೂದು, ಒಳಗ ಬಂದದ್ದಕ್ಕ ಮಾತ್ರ ಬ್ಯಾಟ್, ಅದೂ ಹ್ಯಾಂಡಲ್ ಸಡ್ಲ ಹಿಡಿದು, ಬಾಲ್ ಕಾಲ ಬುಡಕ ಬೀಳಬೇಕು, ಸ್ಲಿಪ್ಪಿಗೆ ಹಾರಬಾರ್ದು. ಎರಡನೇ ಓವರಿನ್ಯಾಗ ಅವರು ಸಿಲ್ಲಿ ಪಾಯಿಂಟ್, ಶಾರ್ಟ್ ಲೆಗ್ ಹಚ್ಚಿ ಸ್ಪಿನ್ನರನ್ನ ತಂದ್ರು, ಅದು ನನಗ ಫಾಸ್ಟಿಗಿಂತ ತ್ರಾಸ ಕೊಡ್ತು, ಗ್ಲೌಸಿಗೆ ತಾಗೂದು ಎರಡು ಸಲ ತಪ್ತು.

ಓಡಬ್ಯಾಡ ಅಂದದ್ದಕ್ಕ ಕಾರಣ ಅದ. ಓವರಿನ ಕೊನೀ ಬಾಲಿಗೆ ಸಿಂಗಲ್ ತಗೊಂಡ್ರ ಮುಂದಿನ ಓವರೂ ನೈಟ್‌ವಾಚ್‌ಮನ್ನೇ ಆಡ್ತಾನ, ಚಲೋ ಬ್ಯಾಟ್ಸ್‌ಮನ್ ಉಳೀತಾನ, ಲೆಕ್ಕ ಸರಿನೇ ಅದ. ಆದ್ರ ಆ ಹೊತ್ತಿಗೆ ಫೀಲ್ಡರೆಲ್ಲ ಹತ್ತಿರ ಬಂದಿರ್ತಾರ, ರನೌಟ್ ಆದ್ರ ಎಲ್ಲಾ ಮಣ್ಣುಪಾಲು. 2024ರಾಗ ವಾಂಖೆಡೆದಾಗ ನ್ಯೂಜಿಲೆಂಡ್ ಎದುರು ನೋಡಿದ್ರಲ್ಲ, ಜೈಸ್ವಾಲ್ ಔಟಾದ ಮ್ಯಾಲ ಸಿರಾಜ್ ನೈಟ್‌ವಾಚ್‌ಮನ್ ಆಗಿ ಬಂದು ಮೊದಲ್ನೇ ಬಾಲಿಗೇ ಎಲ್‌ಬಿ, ರಿವ್ಯೂ ಬ್ಯಾರೆ ಹೋಯ್ತು. ಯಾರನ್ನ ಕಾಯಬೇಕಂತ ಕಳಿಸಿದ್ರೋ ಆ ಕೊಹ್ಲಿನೇ ಇಳೀಬೇಕಾಯ್ತು, ಅವ ಗಡಬಡಿಸಿ ಸಿಂಗಲ್ಲಿಗೆ ಓಡಿ ರನೌಟ್. 78ಕ್ಕೆ 1 ಇದ್ದದ್ದು 84ಕ್ಕೆ 4 ಆಯ್ತು.

ನಾ ಆ ಸಂಜಿ ರನ್ನೇ ಇಲ್ಲದ ನಾಟೌಟ್ ಉಳಿದೆ. ಮುಂಜಾನಿ ಕೆಲಸ ಬ್ಯಾರೆ, ಇದನ್ನ ಭಾಳ ಮಂದಿ ಮರೀತಾರ. ರಾತ್ರಿ ಕಾದದ್ದು ಮುಗೀತು, ಈಗ ಸುಮ್ನ ತಡೀಕೋತ ಒಂದು ತಾಸು ತಿಂದ್ರ ಟೀಮಿಗೇ ಲುಕ್ಸಾನ, ಯಾಕಂದ್ರ ಒಳಗ ನಮ್ಮ ಚಲೋ ಬ್ಯಾಟ್ಸ್‌ಮನ್ ಪ್ಯಾಡ್ ಕಟ್ಟಿ ಕುಂತಿರ್ತಾನ, ಮ್ಯಾಚಿಗೆ ಇರೋದೇ ಎರಡು ದಿನ. ಟೆಸ್ಟಿನ್ಯಾಗ ಟೈಮ್ ಅದ, ಹಂಗಾಗಿ ಅಲ್ಲಿ ನಡೀತದ. 2025ರಾಗ ಓವಲ್‌ನ್ಯಾಗ ಆಕಾಶ್ ದೀಪ್ ಹಿಂದಿನ ಸಂಜಿ ಇಳಿದು ಮರುದಿನ 66 ಹೊಡೆದ, ಜೈಸ್ವಾಲ್ ಜೋಡಿ ನೂರರ ಮ್ಯಾಲ ಪಾರ್ಟ್ನರ್‌ಶಿಪ್. ನಮ್ಮ ಕರ್ನಾಟಕದ ಕಿರ್ಮಾನಿಯವರು 1979ರಾಗೇ ಮುಂಬೈನಾಗ ಆಸ್ಟ್ರೇಲಿಯಾ ಎದುರು ಹಿಂಗೇ ಬಂದು 101 ನಾಟೌಟ್ ಮಾಡ್ಯಾರ. 2006ರಾಗ ಬಾಂಗ್ಲಾದೇಶ ಎದುರು ಆಸ್ಟ್ರೇಲಿಯಾದ ಬೌಲರ್ ಗಿಲೆಸ್ಪಿ 201 ನಾಟೌಟ್, ಅದು ಬಿಡ್ರಿ, ಅಂಥಾದ್ದು ದಿನಾ ಆಗಂಗಿಲ್ಲ.

ನಾ ಎರಡು ಬೌಂಡರಿ ಹೊಡೆದು ಮಿಡಾನಿಗೆ ಕ್ಯಾಚ್ ಕೊಟ್ಟೆ. ನಂಬರ್ 4 ಇಳಿದಾಗ ಬಾಲಿನ ಹೊಳಪು ಹೋಗಿತ್ತು, ಅವ ಆರಾಮ ಆಡಿದ. ಈಗ ಹುಡುಗ್ರು ಕೇಳಿದ್ರ ನಾ ಹೇಳೂದು ಇಷ್ಟೇ, ಆರು ಓವರಿಗಿಂತ ಜಾಸ್ತಿ ಉಳಿದಿದ್ರ ಬೌಲರನ್ನ ಕಳಿಸಬ್ಯಾಡ್ರಿ, ಅವ ಅಷ್ಟು ಹೊತ್ತು ನಿಂದ್ರಂಗಿಲ್ಲ, ನೀವು ಒಂದು ವಿಕೆಟ್ ಪುಗಸಟ್ಟೆ ಕೊಟ್ಟಂಗ, ಕೆಳಗ ಟೇಲ್ ಬ್ಯಾರೆ ಒಬ್ಬ ಕಡಿಮಿ ಆಗ್ತಾನ.