ಇ-ಡಿ ಬಾಲಕ್ಕೆ ನಮ್ಮ ಕ-ಚ-ಟ-ತ-ಪ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಮನೆಯ ಹಾಲ್‌ನಲ್ಲೇ ನನ್ನ ಟ್ಯೂಷನ್. ಹನ್ನೆರಡು ಮಕ್ಕಳು, ಹೆಚ್ಚಿನವರು ಕನ್ನಡ ಮನೆಯವರು. ಇಂಗ್ಲಿಷ್ ಕ್ರಿಯಾಪದಗಳ ಕೊನೆಗೆ ಸೇರುವ ಇ-ಡಿ ಟ್, ಡ್, ಇಡ್ ಎಂದು ಮೂರು ಥರ ಕೇಳುತ್ತದೆ. ಪೇಪರ್‌ನಲ್ಲಿ ಅದರ ಮೇಲೆ ‘ಬೇರೆ ಉಚ್ಚಾರದ ಪದ ಗುರುತಿಸಿ’ ಅಂತ ಬಂದರೆ ಎಲ್ಲರೂ ಸುಮ್ನೆ ಒಂದಕ್ಕೆ ಟಿಕ್ ಹಾಕಿ ಬರುತ್ತಿದ್ದರು. "ಕೇಳಿಸದೆ ಉಚ್ಚಾರ ಹೇಗೆ ಕಲಿಸ್ತೀರಿ ಮೇಡಂ? ಆ ಮಾರ್ಕ್ಸ್ ಬಿಟ್ಬಿಡಿ" ಎಂದು ಪಕ್ಕದ ಬಿಲ್ಡಿಂಗಿನ ಟ್ಯೂಷನ್ ಸರ್ ನಕ್ಕಿದ್ದರು.

ಮೊದಲು ಎರಡೂವರೆ ಸಾವಿರ ಕೊಟ್ಟು ಸ್ಪೀಕರ್ ತಂದೆ. ಮಕ್ಕಳು ಕೇಳಿ ಚೆನ್ನಾಗಿ ಹೇಳಿದರು, ಪರೀಕ್ಷೆಯಲ್ಲಿ ಮತ್ತೆ ಸೊನ್ನೆ. ಆಮೇಲೆ ಗಂಟಲ ಮೇಲೆ ಬೆರಳಿಟ್ಟು ನಡುಕ ನೋಡಲು ಕಲಿಸಿದೆ: ಇ-ಡಿಗೆ ಮುಂಚಿನ ದನಿಗೆ ಗಂಟಲು ನಡುಗಿದರೆ ಡ್, ಇಲ್ಲದಿದ್ದರೆ ಟ್. ಆದರೆ ಪರೀಕ್ಷೆಯಲ್ಲಿ ಪಿಸುಗುಟ್ಟಿದರೆ ಗಂಟಲು ನಡುಗುವುದೇ ಇಲ್ಲ. ಜೋರಾಗಿ ಹೇಳಿದ ಒಬ್ಬಳು ಸೂಪರ್‌ವೈಸರ್ ಕೈಲಿ ಬೈಸಿಕೊಂಡಳು.

ಕೊನೆಗೆ ಕೈ ಹಿಡಿದದ್ದು ನಮ್ಮ ಅಕ್ಷರಮಾಲೆ. ಇ-ಡಿ ಬಾಲ ಕತ್ತರಿಸಿ, ಉಳಿದ ಪದವನ್ನು ಕನ್ನಡದಲ್ಲಿ ಬರೆಯಬೇಕು. ಕೊನೆಯ ದನಿ ಮಾತ್ರ ನೋಡಬೇಕು. ಟ ಅಥವಾ ಡ ಇದ್ದರೆ ಬಾಲ ‘ಇಡ್’, ವಾಂಟ್ ವಾಂಟಿಡ್ ಆದ ಹಾಗೆ. ಕ, ಚ, ಪ, ಸ, ಶ, ಫ ಇದ್ದರೆ ‘ಟ್’. ಉಳಿದದ್ದಕ್ಕೆ ಹೆಚ್ಚಾಗಿ ‘ಡ್’. ನಡುಕವಿಲ್ಲದ ಕ-ಚ-ಪ ಒಂದು ಕಡೆ, ನಡುಕವಿರುವ ಗ-ಜ-ಬ ಇನ್ನೊಂದು ಕಡೆ ಅಂತ ನಮ್ಮ ವರ್ಗಗಳೇ ವಿಂಗಡಿಸಿ ಇಟ್ಟಿವೆ ಅಲ್ವಾ.

ಒಂದು ಪ್ರಶ್ನೆ ನೋಡಿ: ಲಾಫ್, ವಾಚ್, ಪ್ರೇಸ್, ಕುಕ್. ನಾಲ್ಕಕ್ಕೂ ಇ-ಡಿ ಸೇರಿದೆ, ಬೇರೆ ಯಾವುದು? ಲಾಫ್‌ನ ಸ್ಪೆಲಿಂಗ್ ಜಿ-ಎಚ್ ನೋಡಿ ಹುಡುಗರು ಅದಕ್ಕೇ ಟಿಕ್ ಹಾಕಿದರು. ದನಿ ಫ, ಆದ್ದರಿಂದ ಬಾಲ ಟ್. ವಾಚ್, ಕುಕ್ ಕೂಡ ಟ್. ಬೇರೆ ಇರುವುದು ಪ್ರೇಸ್! ಅಲ್ಲಿ ಎಸ್ ಬರೆದರೂ ದನಿ ಸ ಅಲ್ಲ. ಇಲ್ಲೇ ನಾನೂ ಎಡವಿದ್ದು, ಏಕೆಂದರೆ ಆ ದನಿಗೆ ನಮ್ಮಲ್ಲಿ ಬೇರೆ ಅಕ್ಷರವಿಲ್ಲ. ಮರಾಠಿಯ ‘ಜರಾ’ದ ಜ ನೆನಪು ಮಾಡಿಸಿದೆ, ಜ ಕೆಳಗೆ ಚುಕ್ಕಿ ಹಾಕಿಸಿದೆ. ಡೊಂಬಿವಲಿ ಮಕ್ಕಳಿಗೆ ತಕ್ಷಣ ಹತ್ತಿತು. ಪ್ರೇಜ಼್ ಅಂದಮೇಲೆ ಬಾಲ ಡ್.

ನೇಕೆಡ್, ವಿಕೆಡ್, ಸೇಕ್ರೆಡ್ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಇವು ಗುಣ ಹೇಳುವ ಪದಗಳು, ಬಾಲ ಇಡ್ ಎಂದೇ ಉಳಿಯುತ್ತದೆ. ಇಂಥವನ್ನು ಬಾಯಿಪಾಠ ಮಾಡಿಸಿದೆ.

ನಡುವೆ ಮೌನ ಅಕ್ಷರಕ್ಕೂ ಕೈ ಹಾಕಿದೆ. ಬಾಂಬ್‌ನ ಕೊನೆಯ ಬಿ ಮೌನ, ಆದರೆ ಬೊಂಬಾರ್ಡ್ ಆದಾಗ ಮಾತಾಡುತ್ತದೆ. ಸೈನ್‌ನ ಜಿ ಸಿಗ್ನೇಚರ್‌ನಲ್ಲಿ ಎದ್ದು ಬರುತ್ತದೆ. ಎಲ್ಲ ಪದಕ್ಕೂ ಇಂಥ ನೆಂಟ ಸಿಗುವುದಿಲ್ಲ. ಮಂಡಿಗೆ ಹೇಳುವ ‘ನೀ’ ಪದದ ಮೌನ ಕೆ-ಗೆ ಹುಡುಕಿ ಸುಸ್ತಾದೆ.

ಕಳೆದ ಸಲ ಹನ್ನೆರಡರಲ್ಲಿ ಒಂಬತ್ತೋ ಹತ್ತೋ ಮಕ್ಕಳು ಇ-ಡಿ ಪ್ರಶ್ನೆ ಸರಿ ಮಾಡಿದರು. ಆ ಸರ್ ತಮ್ಮ ಮಗಳ ಕೈಲಿ ನೋಟ್ಸ್ ಕೇಳಿ ಕಳಿಸಿದರು! ಪದದ ಯಾವ ತುಂಡನ್ನು ಒತ್ತಿ ಹೇಳಬೇಕು ಎಂಬ ಸ್ಟ್ರೆಸ್ ಪ್ರಶ್ನೆಗೆ ಷನ್ ಬಾಲದ ಸೂತ್ರವನ್ನೂ ಅವರಿಗೆ ಕೊಟ್ಟೆ: ಷನ್‌ಗೆ ಮುಂಚಿನ ತುಂಡಿಗೆ ಒತ್ತು, ಎಜುಕೇಷನ್‌ನಲ್ಲಿ ‘ಕೇ’. ಅರ್ಥದ ಜೊತೆ ಒತ್ತು ಜಾಗ ಬದಲಿಸುವ ರೆಕಾರ್ಡ್ ಥರದ ಪದಗಳಿಗೆ ಮಾಡಿರುವ ಚೀಟಿ ಮಾತ್ರ ಕೊಡಲಿಲ್ಲ. ಅದಕ್ಕೆ ತಿಂಗಳಿಗೆ ನಾನೂರು ಫೀಸು.